ಗುಳಿಕೆನ್ನೆ ಸರ್ಜರಿ: ಹೊಲಿಗೆ ಬಿಚ್ಚಿದರೆ ಕೆನ್ನೆ ಮೊದಲಿನಂತಾಗುತ್ತದೆಯೇ?

ದಾವಣಗೆರೆಯ ಗುಂಪುಗಳಲ್ಲಿ ಓಡಾಡುತ್ತಿರುವ ಸಂದೇಶ: "ಮದುವೆಗೆ ವಾರ ಮುಂಚೆ ಗುಳಿ ಹಾಕಿಸಿಕೊಳ್ಳಿ. ಬೇಡವಾದರೆ ಹೊಲಿಗೆ ಬಿಚ್ಚಿದರಾಯಿತು, ಕೆನ್ನೆ ಮೊದಲಿನಂತೆ."

ಸತ್ಯಾಂಶ: ಗುಳಿಯನ್ನು ಕಾಯಂ ಹಿಡಿದಿಡುವುದು ದಾರವಲ್ಲ, ಒಳಗೆ ಗಾಯ ಮಾಯುವಾಗ ಚರ್ಮಕ್ಕೂ ಸ್ನಾಯುವಿಗೂ ನಡುವೆ ಬೆಳೆದು ಎರಡನ್ನೂ ಹಿಡಿದುಕೊಳ್ಳುವ ಅಂಟು.

ಕಣ್ಣಿನ ಹೊರತುದಿಯಿಂದ ಕೆಳಗೆ, ಬಾಯಿಯ ಮೂಲೆಯಿಂದ ಪಕ್ಕಕ್ಕೆ ಗೆರೆ ಎಳೆದರೆ ಅವು ಕೂಡುವ ಜಾಗವೇ ಸಾಮಾನ್ಯವಾಗಿ ಗುಳಿಯ ಗುರುತು. ಅಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಬಾಯಿಯ ಒಳಗಿನಿಂದ ಮೂರ್ನಾಲ್ಕು ಮಿಲಿಮೀಟರ್ ಅಗಲದ ಒಳಪದರ, ಕೊಬ್ಬು, ಸ್ವಲ್ಪ ಸ್ನಾಯು ತೆಗೆಯುತ್ತಾರೆ. ಆಮೇಲೆ ಸ್ನಾಯುವನ್ನೂ ಚರ್ಮದ ಒಳಮೈಯನ್ನೂ ಸೇರಿಸಿ ಹೊಲಿಗೆ ಬಿಗಿಯುತ್ತಾರೆ. ಅರ್ಧ ಗಂಟೆಯ ಕೆಲಸ, ನಿಜ.

ಆದರೆ ವಾರದಲ್ಲಿ ಮದುವೆಯಿದ್ದರೆ? ಊತ ಇನ್ನೂ ಉಳಿದಿರಬಹುದು. ನಗದಿದ್ದಾಗಲೂ ಕೆನ್ನೆ ಒಳಕ್ಕೆ ಎಳೆದಂತೆ ಫೋಟೋದಲ್ಲಿ ಕಾಣುತ್ತದೆ. ನಕ್ಕಾಗ ಮಾತ್ರ ಗುಳಿ ಮೂಡುವ ಹಂತಕ್ಕೆ ಒಂದೆರಡು ತಿಂಗಳಾದರೂ ಬೇಕು. ಗಾಯ ಮಾಯುವ ತನಕ ಮಂಡಕ್ಕಿ-ಮಿರ್ಚಿಯೂ ದೂರ, ಅದೇ ಕಷ್ಟ!

ಅಂಟು ಬೆಳೆಯುವ ಮೊದಲೇ ಹೊಲಿಗೆ ಸ್ನಾಯುವನ್ನು ಕೊಯ್ದು ಸಡಿಲವಾದರೆ ಗುಳಿ ಮಾಯ. ಬೆಳೆದ ಮೇಲೆ ಬೇಡವೆಂದರೆ ಅದನ್ನು ಬಿಡಿಸಲು ಮತ್ತೊಂದು ಸರ್ಜರಿ ಬೇಕು, ಆಗಲೂ ಕೆನ್ನೆ ಪೂರ್ತಿ ಸಮವಾಗುವ ಖಾತ್ರಿಯಿಲ್ಲ.

ಕೆನ್ನೆಯಲ್ಲೇ ಮುಖದ ನರದ ಕವಲು ಮತ್ತು ಜೊಲ್ಲಿನ ನಾಳ ಹಾದುಹೋಗುತ್ತವೆ. ಊತ ಇಳಿಯುವ ಬದಲು ಏರಿದರೆ, ಕೀವು, ಜ್ವರ ಬಂದರೆ, ತುಟಿ ಒಂದು ಕಡೆ ಸೊಟ್ಟಗಾದರೆ, ಉಣ್ಣುವಾಗ ಕೆನ್ನೆ ಉಬ್ಬಿದರೆ ಅಂದೇ ಸರ್ಜನ್ ಬಳಿ ಹೋಗಬೇಕು.