‘ಹೋಮ್ ಡೆಲಿವರಿ ಇದೆ’ ಅಂದರೆ ಎಷ್ಟು ಗಂಟೆಯವರೆಗೆ?

ಬೆಳಿಗ್ಗೆ ಒಂದು ಮೆಡಿಕಲ್ ಶಾಪಿನ ಹೊಸ ಬ್ರಾಂಚಿನ ಪೋಸ್ಟ್ ಕಣ್ಣಿಗೆ ಬಿತ್ತು. ಆಗಿನಿಂದ ಮನಸ್ಸಿಗೆ ಕಿರಿಕಿರಿ. ರಿಬ್ಬನ್, ಹೂವು, ಅತಿಥಿಗಳ ಹೆಸರು, ಎಲ್ಲರಿಗೂ ಕೃತಜ್ಞತೆ. ಕೊನೆಯ ಸಾಲಿನಲ್ಲಿ ಮಾತ್ರ ‘ರಾತ್ರಿ 11ರವರೆಗೆ ತೆರೆದಿರುತ್ತದೆ, ಹೋಮ್ ಡೆಲಿವರಿ ಇದೆ’.

ನಾನು ಔಷಧಿ ಕೌಂಟರಿನಲ್ಲಿ ನಿಂತು ಕೆಲಸ ಮಾಡಿದವಳು ಅಂತ ನಿಮಗೆಲ್ಲ ಗೊತ್ತು. ಆ ಸಾಲನ್ನು ಓದಿದವರು ಏನೆಂದುಕೊಳ್ಳುತ್ತಾರೆ ಅನ್ನುವುದೂ ನನಗೆ ಗೊತ್ತು. 11ರವರೆಗೆ ಫೋನ್ ಮಾಡಿದರೂ ಔಷಧಿ ಮನೆಗೆ ಬರುತ್ತದೆ ಎಂದುಕೊಳ್ಳುತ್ತಾರೆ. ಆದರೆ ಅಂಗಡಿಯ ಸಮಯ ಬೇರೆ, ಡೆಲಿವರಿಯ ಸಮಯ ಬೇರೆ. ಎಷ್ಟೋ ಕಡೆ ತಲುಪಿಸುವ ಹುಡುಗ ಸಂಜೆಯೇ ಮನೆಗೆ ಹೋಗಿರುತ್ತಾನೆ.

ಒಬ್ಬ ವಯಸ್ಸಾದ ತಾಯಿಗೆ ರಾತ್ರಿ ಇನ್ಸುಲಿನ್ ಮುಗಿದಿದೆ ಅಂದುಕೊಳ್ಳಿ. ಮಗಳು ಬೇರೆ ಊರಿನಲ್ಲಿದ್ದಾಳೆ. ಪೋಸ್ಟ್ ನೋಡಿ ಧೈರ್ಯವಾಗಿ ಒಂಬತ್ತೂವರೆಗೆ ಫೋನ್ ಮಾಡುತ್ತಾಳೆ. ‘ಮೇಡಂ, ಡೆಲಿವರಿ 8ಕ್ಕೇ ಮುಗೀತು, ಯಾರನ್ನಾದರೂ ಕಳಿಸಿ’ ಅನ್ನುತ್ತಾರೆ. ಮೊದಲೇ ಗೊತ್ತಿದ್ದರೆ ಏಳು ಗಂಟೆಗೇ ಆರ್ಡರ್ ಕೊಡುತ್ತಿದ್ದಳು, ಇಲ್ಲವೇ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ಈಗ ಅಷ್ಟು ಹೊತ್ತಿಗೆ ಎಷ್ಟೋ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಒಂದು ಸಾಲು ಬರೆಯದಿದ್ದರಿಂದ ಆದದ್ದು ಇದು.

ಆ ಇನ್ಸುಲಿನ್ ವಿಷಯವನ್ನೇ ಇನ್ನೊಂದು ಹೆಜ್ಜೆ ಮುಂದೆ ನೋಡಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಹಾಗಂತ ಐಸ್ ಪ್ಯಾಕಿಗೆ ನೇರವಾಗಿ ತಾಗಿಸಿ ಇಡುವಂತಿಲ್ಲ. ಒಮ್ಮೆ ಹೆಪ್ಪುಗಟ್ಟಿದರೆ, ಕರಗಿದ ಮೇಲೆ ನೋಡಲು ಸರಿಯಾಗಿ ಕಂಡರೂ ಅದನ್ನು ಬಳಸಬಾರದು. ಹಾಗಾಗಿ ‘ತಂಪು ಡಬ್ಬಿಯಲ್ಲಿ ತರುತ್ತೇವೆ, ತೆಗೆದುಕೊಳ್ಳಲು ಮನೆಯಲ್ಲಿ ಒಬ್ಬರು ಇರಬೇಕು’ ಅಂತ ಕ್ಯಾಪ್ಷನ್‌ನಲ್ಲೇ ಹೇಳಬೇಕು. ಬಾಗಿಲ ಮುಂದೆ ಇಟ್ಟು ಹೋಗುವ ಪಾರ್ಸೆಲ್ ಅಲ್ಲ ಅದು.

‘ಕ್ಯಾಪ್ಷನ್ ಚಿಕ್ಕದಾಗಿರಬೇಕು, ಬೇಕಾದವರು ಫೋನ್ ಮಾಡಿ ಕೇಳುತ್ತಾರೆ’ ಅನ್ನುವವರಿದ್ದಾರೆ. ಒಪ್ಪಲಾರೆ. ಜಾಗ ತಿನ್ನುವುದು ಕೃತಜ್ಞತೆಯ ಪ್ಯಾರಾ, ಸಮಯವಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದಕ್ಕೆ ಬೆರಳು ಒತ್ತಬೇಕು. ಆ ಸಾಲುಗಳಲ್ಲಿ ‘ನಿಮ್ಮ ಪ್ರೀತಿಗೆ ಋಣಿ’ ಅಂತ ತುಂಬಿಸಿದರೆ ವಿಳಾಸ ಯಾರಿಗೆ ಕಾಣಬೇಕು? ಎಷ್ಟೋ ಜನ ವಿಳಾಸವನ್ನು ಪೋಸ್ಟರಿನ ಚಿತ್ರದೊಳಗೆ ಮಾತ್ರ ಹಾಕುತ್ತಾರೆ. ಅದನ್ನು ಸುಲಭವಾಗಿ ಕಾಪಿ ಮಾಡಿ ಅಪ್ಪನಿಗೆ ಕಳಿಸಲು ಆಗುವುದಿಲ್ಲ. ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳುತ್ತದೆ ಅನ್ನುವ ಭರವಸೆಯೂ ಇಲ್ಲ.

ನಾನು ಬರೆದರೆ ಹೀಗೆ ಬರೆಯುತ್ತೇನೆ:

‘ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಅಂಚೆ ಕಚೇರಿಯ ಎದುರು, ನಮ್ಮ ಎರಡನೇ ಔಷಧಿ ಅಂಗಡಿ ತೆರೆದಿದೆ. ಸೋಮವಾರದಿಂದ ಶನಿವಾರ ಬೆಳಿಗ್ಗೆ 8ರಿಂದ ರಾತ್ರಿ 11. ಭಾನುವಾರ ಮಧ್ಯಾಹ್ನ 2ರವರೆಗೆ. ಮನೆಗೆ ಬೇಕಿದ್ದರೆ ರಾತ್ರಿ 7ರೊಳಗೆ ಆರ್ಡರ್ ಕೊಡಿ, 8ರೊಳಗೆ ತಲುಪಿಸುತ್ತೇವೆ. ಭಾನುವಾರ ಡೆಲಿವರಿ ಇಲ್ಲ. ಅಂಗಡಿಯಿಂದ 5 ಕಿಲೋಮೀಟರ್ ಒಳಗೆ ಮಾತ್ರ. ಇನ್ಸುಲಿನ್ ತಂಪು ಡಬ್ಬಿಯಲ್ಲಿ ತರುತ್ತೇವೆ, ತೆಗೆದುಕೊಳ್ಳಲು ಮನೆಯಲ್ಲಿ ಒಬ್ಬರು ಇರಬೇಕು. ಡಾಕ್ಟರ್ ಚೀಟಿಯ ಫೋಟೋ ಮೊದಲು ಕಳಿಸಿ, ಅಸಲು ಚೀಟಿ ಕೈಯಲ್ಲಿಟ್ಟುಕೊಂಡಿರಿ. ಹಳೆಯ ಅಂಗಡಿ ಎಂದಿನಂತೆ ನಡೆಯುತ್ತದೆ.’

ಇದರ ಕೆಳಗೆ ಆರ್ಡರ್ ಕೊಡುವ ನಂಬರ್. ಆಮೇಲೆ ಎಷ್ಟು ಬೇಕಾದರೂ ಕೃತಜ್ಞತೆ ಹೇಳಿ, ಯಾರು ಬೇಡ ಅಂದರು?

ಹಳೆಯ ಅಂಗಡಿಯ ಬಗ್ಗೆ ಬರೆದ ಆ ಕೊನೆಯ ಸಾಲು ಸುಮ್ನೆ ಹಾಕಿದ್ದಲ್ಲ. ಹೊಸ ವಿಳಾಸ ನೋಡಿದ ತಕ್ಷಣ ಅಂಗಡಿ ಸ್ಥಳಾಂತರ ಆಯಿತು ಅಂದುಕೊಳ್ಳುವವರು ಜಾಸ್ತಿ. ಹಳೆಯ ಅಂಗಡಿಯ ಪಕ್ಕದಲ್ಲೇ ಇರುವವರು ಹೊಸ ಕಡೆಗೆ ಹೊರಟುಬಿಡುತ್ತಾರೆ. ‘ನಾಳೆಯಿಂದ ಶುರು’ ಅಂತಲೂ ಬರೆಯಬೇಡಿ, ತಾರೀಖು ಹಾಕಿ. ಪೋಸ್ಟ್ ನಾಲ್ಕು ದಿನ ಬಿಟ್ಟು ಕಂಡವರಿಗೆ ಯಾವ ನಾಳೆ? ‘ರಾತ್ರಿ 12’ ಅಂದಾಗಲೂ ಅದೇ ಗೊಂದಲ. ಶನಿವಾರ ರಾತ್ರಿ 12 ಅಂದರೆ ಶನಿವಾರ ಶುರುವಾಗುವ ಹೊತ್ತೋ, ಮುಗಿಯುವ ಹೊತ್ತೋ? ರಾತ್ರಿ 11:45 ಅಂತ ಬರೆದರೆ ತಕರಾರೇ ಇಲ್ಲ.

ಹೊಸ ಅಂಗಡಿಯಲ್ಲಿ ಸಮಯ ಬದಲಾಗುವುದು ಸಹಜ. ಜನ ಸಾಲದೆ ಡೆಲಿವರಿ 6ಕ್ಕೇ ನಿಲ್ಲಿಸಬೇಕಾಗಬಹುದು. ಹಾಗಾದರೆ ಅವತ್ತೇ ಹಳೆಯ ಕ್ಯಾಪ್ಷನ್ ಎಡಿಟ್ ಮಾಡಿ. ಬರೀ ಹೊಸ ಪೋಸ್ಟ್ ಹಾಕಿದರೆ ಸಾಲದು, ಜನ ಒಬ್ಬರಿಂದೊಬ್ಬರಿಗೆ ಕಳಿಸುತ್ತಿರುವುದು ಉದ್ಘಾಟನೆಯ ದಿನದ ಪೋಸ್ಟನ್ನೇ.