ಗಂಡಸರ ಸೀಸೆಯೊಳಗಿನ ಮಲ್ಲಿಗೆ

ದುಬೈಗೆ ಬಂದ ಮೊದಲ ವರ್ಷ, ಒಂದು ದೊಡ್ಡ ಮಾಲ್‌ನ ಸುಗಂಧದ ಅಂಗಡಿಯಲ್ಲಿ ನಾನು ಮೂಸುತ್ತಿದ್ದ ಸೀಸೆಯನ್ನು ಮಾರಾಟದ ಹುಡುಗ ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡ. "ಸರ್, ಇದು ಹೆಂಗಸರದ್ದು" ಎಂದು ಹೇಳಿ, ಕಪ್ಪು ಗಾಜಿನ ಇನ್ನೊಂದನ್ನು ಕೊಟ್ಟ. ನನಗೆ ಬೇಕಾಗಿದ್ದದ್ದು ಮೊದಲಿನದೇ. ಶಿರಸಿಯ ನಮ್ಮ ಮನೆಯಂಗಳದಲ್ಲಿ ಸಂಜೆ ಮೊಗ್ಗು ಬಿಡಿಸುವಾಗ ಬರುವ ಮಲ್ಲಿಗೆಯ ಪರಿಮಳ ಅದರಲ್ಲಿತ್ತು. ಹಾಗೆಂದು ಹೇಳಲು ನಾಚಿಕೊಂಡು ಕಪ್ಪು ಸೀಸೆಯನ್ನೇ ಕೊಂಡೆ. ಅದು ಇಂದಿಗೂ ಮುಕ್ಕಾಲು ತುಂಬಿಯೇ ಇದೆ.

ಅದಾದ ಕೆಲವೇ ದಿನಗಳಲ್ಲಿ ಭಟ್ಕಳದ ಗೆಳೆಯನೊಬ್ಬ ನನ್ನನ್ನು ದೇರಾದ ಹಳೆಯ ಅತ್ತರು ಪೇಟೆಗೆ ಕರೆದೊಯ್ದ. ಅಲ್ಲಿನ ವ್ಯಾಪಾರಿ ಕೇಳಿದ ಪ್ರಶ್ನೆಗಳೇ ಬೇರೆ: ಮೈಗೋ ಬಟ್ಟೆಗೋ? ಹಗಲಿಗೋ ರಾತ್ರಿಗೋ? ಸೆಕೆಗಾಲಕ್ಕೋ ಚಳಿಗೋ? ಗೆಳೆಯ ಗುಲಾಬಿ ಅತ್ತರನ್ನು ಕೊಂಡ. ಶುಕ್ರವಾರದ ನಮಾಜಿಗೆ ಅವನ ಅಜ್ಜನೂ ಅದನ್ನೇ ಹಚ್ಚಿಕೊಳ್ಳುತ್ತಿದ್ದರಂತೆ. ಇಲ್ಲಿನ ಅರಬ್ ಗಂಡಸರು ಗುಲಾಬಿಯನ್ನೂ ಊದ್ ಎಂಬ ಅಗರು ಮರದ ಎಣ್ಣೆಯನ್ನೂ ಯಾವ ಮುಜುಗರವೂ ಇಲ್ಲದೆ ಹಚ್ಚಿಕೊಳ್ಳುತ್ತಾರೆ. ಕಂದೂರಾ ಎಂಬ ಬಿಳಿ ನಿಲುವಂಗಿಯ ಕೊರಳಿನಿಂದ ಇಳಿಬೀಳುವ ಗೊಂಡೆಗೆ ಅತ್ತರು ಸವರುವವರೂ ಇದ್ದಾರೆ. ಮನೆಯಲ್ಲಿ ಬಖೂರ್ ಧೂಪ ಹಾಕಿದರೆ ಗಂಡ ಹೆಂಡತಿ ಇಬ್ಬರ ಬಟ್ಟೆಗೂ ಅದೇ ಹೊಗೆ. ಅದೇ ಊರಿನ ಮಾಲ್‌ನಲ್ಲಿ ಗುಲಾಬಿ ಹೆಂಗಸರ ಕಪಾಟಿನಲ್ಲಿದೆ. ಎರಡು ಅಂಗಡಿಗಳ ನಡುವೆ ಅರ್ಧ ಗಂಟೆಯ ಮೆಟ್ರೊ ದಾರಿ. ಅಷ್ಟು ದೂರದಲ್ಲಿ ಹೂವಿನ ಲಿಂಗ ಬದಲಾಗುವುದಾದರೆ ಅದು ಹೂವಿನ ಗುಣವಲ್ಲ, ಕಪಾಟಿನ ಗುಣ ಎಂದು ನನಗೆ ಅಂದೇ ಅನ್ನಿಸಿತು.

ನಮ್ಮ ಕಡೆಯೂ ಕಟ್ಟಳೆಗಳಿಲ್ಲ ಎಂದು ನಾನು ಹೇಳುವುದಿಲ್ಲ. ಮಲ್ಲಿಗೆ ದಂಡೆ ಮುಡಿಯುವವಳು ಹೆಂಗಸು, ಹಣೆಗೆ ಗಂಧ ಹಚ್ಚಿಕೊಳ್ಳುವವನು ಗಂಡಸು. ಆದರೆ ಅಲ್ಲಿ ಗೆರೆ ಎಳೆದಿರುವುದು ಧರಿಸುವ ರೀತಿಗೆ. ಪರಿಮಳಕ್ಕೆ ಆ ಗೆರೆ ಇಲ್ಲ. ಅದೇ ಭಟ್ಕಳ ಮಲ್ಲಿಗೆ ಮದುಮಗನ ಕೊರಳಿನ ಹಾರದಲ್ಲಿ ಇರಬಹುದು, ದೇವರ ಮುಡಿಯಲ್ಲೂ ಇರುತ್ತದೆ. ಬೇಸಗೆಯಲ್ಲಿ ಲಾವಂಚ ಹಾಕಿದ ಕೊಡದ ನೀರನ್ನು ಮನೆಮಂದಿಯೆಲ್ಲ ಕುಡಿಯುತ್ತಾರೆ. ಕೇದಗೆಯ ವಿಷಯ ಇನ್ನೂ ಸ್ವಾರಸ್ಯದ್ದು. ಕೇದಗೆಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಆ ಘಮ ಇರುವುದು ಗಂಡು ಗಿಡದ ಹೂಗೊಂಚಲಿನಲ್ಲಿ. ಒಡಿಶಾದ ಗಂಜಾಮ್ ಕಡೆ ಕೇವಡಾ ಅತ್ತರು ಇಳಿಸುವುದೂ ಅದರಿಂದಲೇ. ನಮ್ಮ ಹೆಂಗಸರು ತಲೆತಲಾಂತರದಿಂದ ಜಡೆಗೆ ಮುಡಿದುಕೊಂಡು ಬಂದದ್ದು ಆ ಗಂಡು ಹೂವನ್ನು.

ಮಾಲ್‌ನ ಕಪಾಟುಗಳು ಹೇಗೆ ಹುಟ್ಟಿದವು ಎಂಬುದನ್ನು ಆಮೇಲೆ ವರ್ಷಗಟ್ಟಲೆ ಓದಿದೆ, ಮೂಸಿದೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಹೆಡಿಯೋನ್ ಎಂಬ ಒಂದೇ ವಸ್ತುವಿನ ಕತೆ. ಜಾಜಿಮಲ್ಲಿಗೆಯ ಸಾರದಲ್ಲಿ ಏನೇನಿದೆ ಎಂದು ಹುಡುಕುತ್ತಿದ್ದ ಫರ್ಮೆನಿಶ್ ಕಂಪನಿಯ ರಸಾಯನಶಾಸ್ತ್ರಜ್ಞರು 1950ರ ದಶಕದ ಕೊನೆಯ ಹೊತ್ತಿಗೆ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಮಲ್ಲಿಗೆಯಲ್ಲಿ ಎರಡು ಮುಖಗಳಿವೆ. ಒಂದು, ಇಂಡೋಲ್ ಎಂಬ ರಾಸಾಯನಿಕದಿಂದ ಬರುವ ಭಾರವಾದ, ಬಾಡಿದ ದಂಡೆಯಂತಹ ವಾಸನೆ. ಇನ್ನೊಂದು, ನಸುಕಿನಲ್ಲಿ ಗಿಡದ ಪಕ್ಕ ಹಾದುಹೋದಾಗ ಗಾಳಿಯಲ್ಲಿ ಸಿಗುವ ತೆಳುವಾದ ಕಂಪು. ಹೆಡಿಯೋನ್ ಈ ಎರಡನೆಯದನ್ನು ಕೊಡುತ್ತದೆ. ತಾನು ಮುಂದೆ ನಿಲ್ಲದೆ ಸುತ್ತಲಿನ ನಿಂಬೆ, ಸೊಪ್ಪುಗಳ ವಾಸನೆಗೆ ಗಾಳಿಯಾಡುವ ಜಾಗ ಮಾಡಿಕೊಡುತ್ತದೆ.

ಈ ಮಲ್ಲಿಗೆಯ ಅಂಶವನ್ನು ಜಗತ್ತಿಗೆ ಪರಿಚಯಿಸಿದ ಸುಗಂಧ ಯಾವುದು? 1966ರಲ್ಲಿ ಎಡ್ಮಂಡ್ ರೂಡ್ನಿಟ್ಸ್ಕಾ ಅವರು ದಿಯೋರ್ ಸಂಸ್ಥೆಗಾಗಿ ಹೊಂದಿಸಿದ ಓ ಸೊವಾಜ್. ಗಂಡಸರಿಗೆಂದೇ ಮಾರಿದ ಸುಗಂಧ! ಮೇಲೆ ನಿಂಬೆ, ರೋಸ್‌ಮರಿ, ಕೆಳಗೆ ಓಕ್ ಮರದ ಪಾಚಿಯ ಒದ್ದೆ ವಾಸನೆ, ನಡುವೆ ಮಲ್ಲಿಗೆ. ಆರು ವರ್ಷಗಳ ನಂತರ, 1972ರಲ್ಲಿ, ಅದೇ ಕೈ ಹೆಂಗಸರಿಗಾಗಿ ದಿಯೋರೆಲ್ಲಾವನ್ನು ಮಾಡಿತು. ಅದರಲ್ಲೂ ನಿಂಬೆಯಿದೆ, ಮಲ್ಲಿಗೆಯಿದೆ, ಪಾಚಿಯಿದೆ. ಮಾಗಿದ ಹಣ್ಣಿನ ಛಾಯೆಯೊಂದು ಹೆಚ್ಚಾಗಿ ಸೇರಿದೆ. ಎರಡನ್ನೂ ಪಕ್ಕಪಕ್ಕದಲ್ಲಿ ಮೂಸಿದರೆ ಒಂದೇ ಮನೆಯ ಅಣ್ಣತಂಗಿಯರಂತೆ ಕಾಣುತ್ತವೆ. ಅವರಲ್ಲಿ ಅಣ್ಣ ಯಾರು, ತಂಗಿ ಯಾರು ಎಂದು ಹೆಸರು ಓದದೆ ಹೇಳಲು ನನಗೆ ಸಾಧ್ಯವಾಗುವುದಿಲ್ಲ.

ಇನ್ನು "ಗಂಡಸರ ವಾಸನೆ" ಎಂದು ನಾವು ಕಣ್ಣು ಮುಚ್ಚಿ ಗುರುತಿಸುವ ಲ್ಯಾವೆಂಡರ್ ಜಾತಿಯದು. ಇದರ ಮೂಲ 1882ರಲ್ಲಿ ಊಬಿಗಾಂ ಸಂಸ್ಥೆ ತಂದ ಫೂಜೇರ್ ರುವಾಯಾಲ್. ಲ್ಯಾವೆಂಡರ್, ಓಕ್ ಪಾಚಿ ಮತ್ತು ಆಗಷ್ಟೇ ಪ್ರಯೋಗಾಲಯದಲ್ಲಿ ಸಿಗತೊಡಗಿದ್ದ ಕೂಮರಿನ್, ಇವು ಅದರ ಬೆನ್ನೆಲುಬು. ಕೂಮರಿನ್ ಎಂದರೆ ಕೊಯ್ದು ಬಿಸಿಲಿಗೆ ಹರಡಿದ ಹುಲ್ಲು ಒಣಗುವಾಗ ಬರುವ ಸಿಹಿ ವಾಸನೆ. ಈ ಹೊಂದಿಕೆ ಮುಂದೆ ಕ್ಷೌರದ ಸಾಬೂನು, ಕ್ಷೌರದ ನಂತರದ ದ್ರಾವಣಗಳಿಗೆ ಹೋಯಿತು. ಅಲ್ಲಿಂದ ಅಪ್ಪಂದಿರ ಕೆನ್ನೆಗೆ, ಅಲ್ಲಿಂದ ಮಕ್ಕಳ ನೆನಪಿಗೆ. ಆದರೆ ಲ್ಯಾವೆಂಡರ್ ಪೌಡರ್ ಹಚ್ಚಿಕೊಂಡು ಮದುವೆಮನೆಗೆ ಹೊರಡುತ್ತಿದ್ದ ನನ್ನ ಅತ್ತೆಯಂದಿರಿಗೆ ಅದು ಹೆಂಗಸರ ವಾಸನೆಯಾಗಿತ್ತು. ಕ್ಷೌರದ ಹೊತ್ತಿನ ಇನ್ನೊಂದು ಪ್ರಸಿದ್ಧ ಹೆಸರಾದ ಓಲ್ಡ್ ಸ್ಪೈಸ್ 1937ರಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ಹೆಂಗಸರಿಗಾಗಿ. ಗಂಡಸರದ್ದು ಬಂದದ್ದು ಮರುವರ್ಷ.

ನಂಬಲಾಗದಿದ್ದರೆ ಮನೆಯಲ್ಲಿರುವ ಎರಡು ಡಬ್ಬಿಗಳನ್ನು ತಿರುಗಿಸಿ ಓದಬಹುದು. ಅಲರ್ಜಿ ತರಬಲ್ಲ ಕೆಲವು ಘಟಕಗಳ ಹೆಸರನ್ನು ಡಬ್ಬಿಯ ಮೇಲೆ ಮುದ್ರಿಸಬೇಕೆಂಬ ನಿಯಮ ಐರೋಪ್ಯ ಒಕ್ಕೂಟದಲ್ಲಿ 2005ರಿಂದ ಇದೆ. ಅಲ್ಲಿ ಮಾರುವ ಸುಗಂಧಗಳು ನಮ್ಮಲ್ಲಿಗೂ ಬರುವುದರಿಂದ ಆ ಪಟ್ಟಿ ನಮಗೂ ಸಿಗುತ್ತದೆ. ಗಂಡಸರ ಡಬ್ಬಿಯಲ್ಲಿ ಲಿನಲೂಲ್, ಸಿಟ್ರೊನೆಲೋಲ್, ಜೆರೇನಿಯಾಲ್, ಕೂಮರಿನ್ ಇರುತ್ತವೆ; ಹೆಂಗಸರ ಡಬ್ಬಿಯಲ್ಲೂ ಹೆಚ್ಚು ಕಡಿಮೆ ಅವೇ. ಸಿಟ್ರೊನೆಲೋಲ್ ಮತ್ತು ಜೆರೇನಿಯಾಲ್ ಗುಲಾಬಿ ಎಣ್ಣೆಯ ಮುಖ್ಯ ಅಂಶಗಳು. ಗಂಡಸರ ಸುಗಂಧಕ್ಕೆ ಅವು ಬಹಳ ಸಲ ಜೆರೇನಿಯಂ ಎಲೆಯ ಎಣ್ಣೆಯಿಂದ ಬರುತ್ತವೆ. ಗುಲಾಬಿ ಅಲ್ಲಿ ಎಲೆಯ ಹೆಸರಿನಲ್ಲಿ ಕುಳಿತಿರುತ್ತದೆ. ಆದರೆ ಈ ಓದಿಗೆ ಒಂದು ಮಿತಿ ಇದೆ. ಪಟ್ಟಿ ಇರುವುದನ್ನು ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ. ಎಲ್ಲ ಘಟಕಗಳೂ ಅದರಲ್ಲಿ ಬರುವುದಿಲ್ಲ. ಪ್ರಮಾಣ ಬದಲಾದರೆ ಪರಿಮಳ ನಿಜವಾಗಿಯೂ ಬದಲಾಗುತ್ತದೆ.

ಹಾಗಾಗಿ ಕಳೆದ ರಜೆಯಲ್ಲಿ ಊರಿಗೆ ಹೋದಾಗ ಮೂಗಿನಿಂದಲೇ ಪರೀಕ್ಷೆ ಮಾಡೋಣ ಎಂದುಕೊಂಡೆ. ಐದು ಸುಗಂಧಗಳನ್ನು ಒಯ್ದಿದ್ದೆ: ಲ್ಯಾವೆಂಡರ್ ಜಾತಿಯದೊಂದು, ಓ ಸೊವಾಜ್, ಗಂಡಸರ ಕಪಾಟಿನ ಲಾವಂಚದ್ದೊಂದು, ಹೆಂಗಸರ ಕಪಾಟಿನ ಬಿಳಿ ಹೂವಿನದೊಂದು, ಗೆಳೆಯನ ಗುಲಾಬಿ ಅತ್ತರು. ಹೀರುಕಾಗದವನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ಒಂದೊಂದನ್ನು ಹಾಕಿ, ನಂಬರ್ ಬರೆಯುವ ಕೆಲಸವನ್ನು ಅತ್ತಿಗೆಗೆ ಬಿಟ್ಟೆ. ಯಾವುದು ಯಾವುದೆಂದು ನನಗೆ ಗೊತ್ತಿದ್ದರೆ ನನ್ನ ಮುಖವೇ ಉತ್ತರ ಹೇಳಿಬಿಡುತ್ತಿತ್ತು. ಮೊದಲ ಹತ್ತು ನಿಮಿಷ ಯಾರಿಗೂ ಮೂಸಲು ಕೊಡಲಿಲ್ಲ. ಆಗ ಮದ್ಯಸಾರದ ಘಾಟು ಮತ್ತು ನಿಂಬೆಯಂತಹ ಹಗುರ ವಾಸನೆಗಳೇ ಮುಂದಿರುತ್ತವೆ. ಮೂರು ಗಂಟೆಯ ನಂತರ ಅವೇ ಪಟ್ಟಿಗಳನ್ನು ಮತ್ತೊಮ್ಮೆ ಮೂಸಿಸಿದೆ. "ಇದನ್ನು ಮೊದಲು ಎಲ್ಲಿ ಮೂಸಿದ್ದೀರಿ?" ಎಂದು ಕೇಳಿ, ಗಂಡಸರದ್ದೋ ಹೆಂಗಸರದ್ದೋ ಎಂಬುದನ್ನು ಕಡೆಗೆ ಕೇಳಿದೆ.

ಆಯಿ ಲ್ಯಾವೆಂಡರ್ ಪಟ್ಟಿಯನ್ನು ಮೂಸಿದ ಕೂಡಲೇ, "ನಿನ್ನ ಅಪ್ಪ ಕ್ಷೌರ ಮಾಡಿಸಿಕೊಂಡು ಪೇಟೆಯಿಂದ ಬಂದ ಹಾಗಿದೆ, ಗಂಡಸರದ್ದೇ" ಎಂದರು. ಲಾವಂಚವನ್ನು ಹಿಡಿದು, "ಇದು ಕುಡಿಯುವ ನೀರಲ್ಲವೇ? ನೀರಿನಲ್ಲಿ ಗಂಡು ಹೆಣ್ಣು ಎಲ್ಲಿಂದ ಬರಬೇಕು?" ಎಂದು ನನ್ನನ್ನೇ ಕೇಳಿದರು. ಅಣ್ಣ ಗುಲಾಬಿ ಅತ್ತರನ್ನು ಹೆಂಗಸರದ್ದೆಂದ. ಅದೇ ಅತ್ತರನ್ನು ಭಟ್ಕಳದ ಗೆಳೆಯ ತನ್ನ ಅಜ್ಜನದ್ದೆಂದು ಗುರುತಿಸಿದ್ದ. ಓ ಸೊವಾಜ್ ಹಾಕಿದ ಎರಡನೆಯ ಪಟ್ಟಿಯನ್ನು ಮೂರು ಗಂಟೆಯ ನಂತರ ನಮ್ಮ ಮನೆಯಲ್ಲಿ ಯಾರೊಬ್ಬರೂ ಗಂಡಸರದ್ದೆನ್ನಲಿಲ್ಲ. "ದೇವರ ಹೂವಿನ ಬುಟ್ಟಿ" ಎಂದರು ಆಯಿ. ನಾಲ್ಕೈದು ಜನರ ಮೂಗಿನಿಂದ ಶಾಸ್ತ್ರ ಸಿದ್ಧವಾಗುವುದಿಲ್ಲ ಎಂಬುದು ನನಗೆ ಗೊತ್ತು. ಆದರೆ ಪ್ರತಿಯೊಬ್ಬರ ಉತ್ತರದ ಹಿಂದೆಯೂ ಒಬ್ಬ ಮನುಷ್ಯನೋ ಒಂದು ಜಾಗವೋ ಇತ್ತು.

ಇದನ್ನು ವ್ಯಾಪಾರ ಚೆನ್ನಾಗಿ ಬಲ್ಲದು. ಸುಗಂಧವನ್ನು ಉಡುಗೊರೆಯಾಗಿ ಕೊಳ್ಳುವವರು ಬಹಳ. ಕೊಳ್ಳುವವನ ಮೂಗಿಗೂ ಹಚ್ಚಿಕೊಳ್ಳುವವಳ ಮೂಗಿಗೂ ಸಂಬಂಧವಿಲ್ಲದಿದ್ದಾಗ, ಬಣ್ಣ ಮತ್ತು ಹೆಸರು ನೋಡಿ ತಪ್ಪಾಗದೆಂಬ ಧೈರ್ಯದಿಂದ ಕೊಳ್ಳಬಹುದು. ಒಂದೇ ಮನೆಗೆ ಎರಡು ಸೀಸೆ ಮಾರಬಹುದು. ಒಂದೇ ಸೀಸೆಯನ್ನು ಇಬ್ಬರಿಗೂ ಎಂದು ಮಾರಿದ ಸಿಕೆ ಒನ್ 1994ರಲ್ಲಿ ಬಂದು ಭಾರಿ ಯಶಸ್ಸು ಕಂಡಿತು. ಆದರೂ ಕಪಾಟುಗಳು ಇಂದಿಗೂ ಎರಡಾಗಿಯೇ ಉಳಿದಿವೆ.

ಕಟ್ಟಳೆ ಎಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ, ಇದನ್ನೂ ಹೇಳಬೇಕು. ಆಯಿಗೆ ಆ ಲ್ಯಾವೆಂಡರ್ ನಿಜವಾಗಿಯೂ ಅಪ್ಪನೇ. ಯಾರಾದರೂ ತನ್ನ ಗಂಡಸುತನವನ್ನೋ ಹೆಣ್ತನವನ್ನೋ ಒಂದು ಪರಿಮಳದಲ್ಲಿ ಕಂಡುಕೊಂಡರೆ ಅವರ ಸಂತೋಷಕ್ಕೆ ನನ್ನ ತಕರಾರಿಲ್ಲ. ನನ್ನ ಸಂಕಟ ಬೇರೆ. ಅಣ್ಣನ ಮಗನಿಗೆ ಹದಿನಾಲ್ಕು ವರ್ಷ. ಮೂರು ವರ್ಷದ ಹಿಂದೆ ಅಜ್ಜಿಯ ಜೊತೆ ಕುಳಿತು ಮಲ್ಲಿಗೆ ದಂಡೆ ಕಟ್ಟುತ್ತಿದ್ದ ಹುಡುಗ ಈಗ ಶಿರಸಿ ಪೇಟೆಯಿಂದ ಕಪ್ಪು ಡಬ್ಬಿಯ ಸ್ಪ್ರೇ ತಂದುಕೊಂಡು, ಹೂವಿನ ವಾಸನೆಯ ಸಾಬೂನು ಹುಡುಗಿಯರದ್ದೆಂದು ಮುಟ್ಟುವುದಿಲ್ಲ. ಜಾಹೀರಾತು ಅವನಿಂದ ಕಸಿದುಕೊಂಡದ್ದು ಅವನದೇ ಅಂಗಳದ ಪರಿಮಳವನ್ನು.

ಅಂದು ಸಂಜೆ ಅವನೂ ಪಟ್ಟಿಗಳನ್ನು ಮೂಸಿದ. ಎರಡನೆಯದು ಬಹಳ ಇಷ್ಟವಾಯಿತು ಎಂದ. ಆಮೇಲೆ ಸ್ವಲ್ಪ ತಡೆದು, "ಚಿಕ್ಕಪ್ಪಾ, ಇದು ಯಾರದು?" ಎಂದು ಕೇಳಿದ. ಡಬ್ಬಿಯನ್ನು ತೋರಿಸದೆ, ಅವನ ಮಣಿಕಟ್ಟಿಗೂ ಆಯಿಯ ಸೆರಗಿನ ಅಂಚಿಗೂ ಒಂದೊಂದು ಹನಿ ಹಾಕಿದೆ.