ಸ್ವೀಟ್ ಬಾಕ್ಸ್ ಫೋಟೋ ಕೆಳಗೆ ಒಂದು ಪುಟ್ಟ ಕಥೆ

ಹಬ್ಬ ಹತ್ತಿರ ಬಂತು ಅಂದರೆ ಸ್ವೀಟ್ ಅಂಗಡಿಗಳ ಪೇಜ್‌ಗಳಲ್ಲೆಲ್ಲ ಗಿಫ್ಟ್ ಬಾಕ್ಸ್ ಫೋಟೋಗಳೇ. ಕೆಳಗೆ "ಸಿಹಿ ಕ್ಷಣಗಳನ್ನು ಪ್ರೀತಿಪಾತ್ರರೊಂದಿಗೆ ಹಂಚಿಕೊಳ್ಳಿ" ಅಂತಲೋ, "ಸಂಭ್ರಮಕ್ಕೆ ಸಿಹಿಯ ಸ್ಪರ್ಶ" ಅಂತಲೋ ಒಂದು ಸಾಲು. ಆ ಸಾಲನ್ನು ಪಕ್ಕದ ಅಂಗಡಿಯ ಫೋಟೋ ಕೆಳಗೆ ಹಾಕಿದರೂ ಯಾರಿಗೂ ಗೊತ್ತಾಗೋದಿಲ್ಲ. ಅಂಥ ಸಾಲು ಬರೆಯೋದಕ್ಕಿಂತ ಹೆಸರು, ತೂಕ, ಬೆಲೆ ಮಾತ್ರ ಹಾಕಿದರೇ ವಾಸಿ, ನೋಡುವವರಿಗೆ ಅಷ್ಟಾದರೂ ಉಪಯೋಗ ಆಗುತ್ತೆ.

ಅದೇ ಜಾಗದಲ್ಲಿ ನಾಲ್ಕೈದು ಸಾಲಿನ ಕಥೆ ಹೇಳಬಹುದು. ಆದರೆ ಕಥೆ ಬೇಕು ಅಂದ ತಕ್ಷಣ ಜಾಸ್ತಿ ಜನ ಅಂಗಡಿಯ ಇತಿಹಾಸ ಬರೆಯೋಕೆ ಕೂರುತ್ತಾರೆ. ತಾತ ಶುರು ಮಾಡಿದರು, ಅಪ್ಪ ಮುಂದುವರಿಸಿದರು, ಈಗ ನಾವು. ಅದು ಕಥೆ ಅಲ್ಲ, ಪರಿಚಯ. ಕಥೆ ಅಂದರೆ ಒಬ್ಬರಿಗೆ ಏನೋ ಬೇಕಿತ್ತು, ನಡುವೆ ಏನೋ ಒಂದು ಬದಲಾಯಿತು, ಅಷ್ಟೇ. ಆ ಬದಲಾವಣೆ ಫೋಟೋದಲ್ಲಿರುವ ಬಾಕ್ಸ್ ಒಳಗೇ ನಡೆಯಬೇಕು.

ಅದನ್ನು ಹುಡುಕೋದು ಎಲ್ಲಿ? ಕೌಂಟರ್ ಹತ್ತಿರ. ಬಾಕ್ಸ್ ತುಂಬಿಸುವವರನ್ನು ಕೇಳಿ: ಗಿರಾಕಿಗಳು ಏನು ತೆಗೆಸ್ತಾರೆ, ಏನು ಹಾಕಿಸ್ತಾರೆ, ಮುಚ್ಚಳ ಹಾಕೋಕೆ ಮುಂಚೆ ಏನು ಹೇಳ್ತಾರೆ? "ನಿಮ್ಮ ಸ್ವೀಟ್ ಯಾಕೆ ವಿಶೇಷ" ಅಂತ ಕೇಳಿದರೆ ಸಿಗೋದು ಶುದ್ಧ ತುಪ್ಪ ಅನ್ನೋ ಉತ್ತರ. "ನಿನ್ನೆ ಯಾರು ಏನು ಬದಲಾಯಿಸಿದರು" ಅಂತ ಕೇಳಿದರೆ ಮನುಷ್ಯರು ಸಿಗ್ತಾರೆ.

ಒಂದು ಉದಾಹರಣೆ ಮಾಡಿ ನೋಡೋಣ. ಹನ್ನೆರಡು ಗುಳಿಯ ಬಾಕ್ಸ್, ಹನ್ನೊಂದರಲ್ಲಿ ಮೆತ್ತನೆಯ ಸ್ವೀಟ್, ಒಂದು ಮೂಲೆಯಲ್ಲಿ ಮಾತ್ರ ಗಟ್ಟಿಯದು. ಕ್ಯಾಪ್ಷನ್ ಹೀಗಿರಲಿ:

"ಗಟ್ಟಿ ಇರೋದೆಲ್ಲ ತೆಗೆದುಬಿಡಿ, ಅಪ್ಪನಿಗೆ ಹಲ್ಲಿಲ್ಲ" ಅಂದರು ಆಕೆ. ಒಂದೊಂದಾಗಿ ತೆಗೆದು ಮೆತ್ತಗಿರೋದು ಇಟ್ಟೆವು. ಮುಚ್ಚಳ ಹಾಕುವಷ್ಟರಲ್ಲಿ ಕೈ ಅಡ್ಡ ಇಟ್ಟರು. "ಒಂದು ಗಟ್ಟಿಯದು ಇರಲಿ. ಇಲ್ಲ ಅಂದ್ರೆ ಅಪ್ಪನಿಗೆ ಗೊತ್ತಾಗಿಬಿಡುತ್ತೆ."

ಇಲ್ಲಿಗೆ ನಿಲ್ಲಿಸಬೇಕು. ಓದಿದವರ ಕಣ್ಣು ಮತ್ತೆ ಫೋಟೋಗೆ ಹೋಗಿ ಆ ಮೂಲೆಯ ತುಂಡನ್ನು ಹುಡುಕುತ್ತೆ, ಮಗಳು ಅಪ್ಪನ ಮರ್ಯಾದೆ ಉಳಿಸಿದ್ದು ತಾನಾಗೇ ಹೊಳೆಯುತ್ತೆ. ಅಂಗಡಿಯವರಿಗೆ ಕೊನೆಗೆ "ಪ್ರೀತಿ ಇರುವಲ್ಲಿ ನಮ್ಮ ಸಿಹಿ" ಅಂತ ಸೇರಿಸಬೇಕು ಅನ್ನಿಸುತ್ತೆ. ದಯವಿಟ್ಟು ಬೇಡ. ಓದುಗರು ಆಗಲೇ ಹಿಡಿದುಕೊಂಡಿದ್ದನ್ನು ಮತ್ತೆ ಬಿಡಿಸಿ ಹೇಳಿದರೆ, ಅಷ್ಟು ಹೊತ್ತು ಕಥೆ ಅಂತ ಓದಿದ್ದು ಜಾಹೀರಾತು ಅಂತ ಅನ್ನಿಸಿಬಿಡುತ್ತೆ.

ಮೊದಲ ಸಾಲೂ ಅಷ್ಟೇ ಮುಖ್ಯ. ಫೋನಿನಲ್ಲಿ ಕ್ಯಾಪ್ಷನ್‌ನ ಮೊದಲ ಒಂದೆರಡು ಸಾಲು ಕಾಣುತ್ತೆ, ಉಳಿದದ್ದು ಒತ್ತಿದರೆ ಮಾತ್ರ ತೆರೆದುಕೊಳ್ಳುತ್ತೆ. ಆ ಜಾಗವನ್ನು "ಎಲ್ಲರಿಗೂ ಹಬ್ಬದ ಹಾರ್ದಿಕ ಶುಭಾಶಯಗಳು" ಅಂತ ತುಂಬಿಸಿದರೆ ಕಥೆ ಇದೆ ಅಂತಲೇ ಯಾರಿಗೂ ತಿಳಿಯೋದಿಲ್ಲ. ಅದಕ್ಕೇ ಮೇಲಿನದು ನೇರ ಮಾತಿನಿಂದಲೇ ಶುರುವಾಗಿರೋದು. ಶುಭಾಶಯ ಕೆಳಗೆ ಹೋಗಲಿ.

ಫೋಟೋ ಮತ್ತು ಕಥೆ ಒಂದನ್ನೊಂದು ಸುಳ್ಳು ಮಾಡಬಾರದು. ಹನ್ನೆರಡೂ ಒಂದೇ ಥರ ಕಾಣುವ ಫೋಟೋ ಕೆಳಗೆ ಈ ಕಥೆ ಹಾಕಿದರೆ ಕೆಲಸ ಕೆಟ್ಟಿತು. ಹಾಗಾಗಿ ಮೊದಲು ಕಥೆ ಗೊತ್ತು ಮಾಡಿಕೊಂಡು ಆಮೇಲೆ ಫೋಟೋ ತೆಗೆಯೋದು ಒಳ್ಳೇದು. ಗಟ್ಟಿ ತುಂಡು ಕ್ಯಾಮೆರಾಗೆ ಹತ್ತಿರದ ಮೂಲೆಯಲ್ಲಿರಲಿ, ಮುಚ್ಚಳ ಅರ್ಧ ತೆರೆದಿರಲಿ, ರಿಬ್ಬನ್ ಅದರ ಮೇಲೆ ಬೀಳದಿರಲಿ. ಮೇಲಿಂದ ನೇರವಾಗಿ ತೆಗೆದರೆ ಎಲ್ಲವೂ ಬಣ್ಣದ ಚೌಕಗಳ ಥರ ಕಾಣುತ್ತೆ, ಮೆತ್ತಗೆ ಯಾವುದು ಗಟ್ಟಿ ಯಾವುದು ಅಂತ ಗೊತ್ತಾಗಲ್ಲ. ಸ್ವಲ್ಪ ಓರೆಯಾಗಿ, ಪಕ್ಕದಿಂದ ಬೆಳಕು ಬೀಳುವ ಹಾಗೆ ತೆಗೆಯಿರಿ.

ಕಥೆ ಮುಗಿದ ಮೇಲೆ ಒಂದು ಸಾಲು ಖಾಲಿ ಬಿಡಿ. ಆಮೇಲೆ ವ್ಯವಹಾರದ ಮಾತು: ಎಷ್ಟು ತುಂಡು, ಎಷ್ಟು ತೂಕ, ಬೆಲೆ, ಎಷ್ಟು ದಿನ ಇಡಬಹುದು, ಆರ್ಡರ್‌ಗೆ ಕೊನೆಯ ದಿನ. ಹಾಲು, ಬೀಜಗಳು ಏನಾದರೂ ಇದ್ದರೆ ಸ್ಪಷ್ಟವಾಗಿ ಹೇಳಿ, ಅಲರ್ಜಿ ಇರುವವರ ಮನೆಗೂ ಗಿಫ್ಟ್ ಹೋಗುತ್ತೆ ಅಲ್ವಾ. ಇವನ್ನೆಲ್ಲ ಆ ಮಗಳ ಬಾಯಲ್ಲಿ ಹೇಳಿಸೋಕೆ ಹೋಗಬೇಡಿ. "ಅರ್ಧ ಕೆಜಿ ಪ್ರೀಮಿಯಂ ಬಾಕ್ಸ್ ಕೊಡಿ, ಅಪ್ಪನಿಗೆ ಹಲ್ಲಿಲ್ಲ" ಅಂತ ಮಾತಾಡುವ ಮಗಳನ್ನು ನಾನಂತೂ ಎಲ್ಲೂ ಕಂಡಿಲ್ಲ.

ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪ ಬಿಗಿ. ನಿಜವಾದ ಗಿರಾಕಿಯ ಮಾತಾದರೆ ಅವರನ್ನು ಕೇಳಿಯೇ ಹಾಕಿ, ಹೆಸರು ಬಿಟ್ಟರೂ ಮನೆಯವರಿಗೆ ಗುರುತು ಸಿಗುತ್ತೆ. ಈ ಕಥೆಯಲ್ಲಂತೂ ಅಪ್ಪನಿಂದ ಮುಚ್ಚಿಟ್ಟಿದ್ದೇ ವಿಷಯ, ಅವರೇ ಪೋಸ್ಟ್ ನೋಡಿದರೆ ಮಗಳ ಗತಿ ಏನು? ನೀವೇ ಕಟ್ಟಿದ ಕಥೆಯಾದರೆ "ನಮ್ಮಲ್ಲಿ ನಡೆದ ಘಟನೆ" ಅಂತ ಬರೆಯಬೇಡಿ, ಮೇಲೆ "ಒಂದು ಪುಟ್ಟ ಕಥೆ" ಅಂತ ಹಾಕಿದರೆ ಸಾಕು. ಕಾಮೆಂಟ್‌ನಲ್ಲಿ ಯಾರಾದರೂ ಇದು ನಿಜಾನಾ ಅಂತ ಕೇಳಿದರೆ, ಇಲ್ಲ, ನಾವೇ ಬರೆದದ್ದು ಅಂತ ನೇರವಾಗಿ ಹೇಳಿ.